ಮೀನಿನ ತೊಟ್ಟಿಯ ಗಾಜಿಗೆ ಹತ್ತಿದ ಸುಣ್ಣ

ಬೇರಿಕೆಯ ಸುತ್ತಮುತ್ತ ಯಾವ ಮನೆಯ ಬಚ್ಚಲನ್ನು ಹೊಕ್ಕು ನೋಡಿದರೂ, ನೀರು ಕಾಯಿಸುವ ಹಂಡೆಯ ಒಳಮೈಗೆ ಬೂದುಬಿಳಿಯ ಹಕ್ಕಳೆಯೊಂದು ಕಟ್ಟಿಕೊಂಡಿರುವುದನ್ನು ಕಾಣಬಹುದು. ಗೃಹಿಣಿಯರು ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಹದಿನೈದು ದಿನ ಕಳೆಯುವುದರೊಳಗೆ ಅದು ಮತ್ತೆ ಹಾಜರಾಗುತ್ತದೆ. ಕಲ್ಲುಬಂಡೆಯ ನೆಲದ ಆಳದಿಂದ ಮೇಲೆತ್ತಿದ ಕೊಳವೆಬಾವಿಯ ನೀರು ನಮ್ಮ ಕಡೆಯವರಿಗೆ ಕೊಡುವ ಕಾಣಿಕೆ ಅದು. ಹಂಡೆಯಲ್ಲಿದ್ದಾಗ ಅದು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಆದರೆ ಮನೆಯ ಪಡಸಾಲೆಯಲ್ಲಿ ಮಕ್ಕಳಿಗಾಗಿ ಇರಿಸಿದ ಮೀನಿನ ತೊಟ್ಟಿಯ ಗಾಜಿಗೆ ಅದೇ ಹಕ್ಕಳೆ ಹತ್ತಿಕೊಂಡಾಗ ಸಂಗತಿ ಬೇರೆಯಾಗುತ್ತದೆ. ಏಕೆಂದರೆ ಹಂಡೆಯನ್ನು ತೊಳೆಯುವಾಗ ಅದರೊಳಗೆ ಜೀವವಿರುವುದಿಲ್ಲ, ತೊಟ್ಟಿಯೊಳಗೆ ಇರುತ್ತದೆ.

ಈ ವ್ಯತ್ಯಾಸವನ್ನು ನಾವು ಮರೆತದ್ದರಿಂದ ಐದು ಮೀನುಗಳು ಸತ್ತವು. ಎರಡು ವರ್ಷಗಳ ಹಿಂದೆ, ಎರಡನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ಮೊಮ್ಮಗಳಿಗಾಗಿ ಹೊಸೂರಿನಿಂದ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯನ್ನೂ ಎಂಟು ಗಪ್ಪಿ ಮೀನುಗಳನ್ನೂ ತಂದಿದ್ದೆವು. ಬೇಸಗೆ ಮುಗಿಯುವ ಹೊತ್ತಿಗೆ ನೀರಿನ ಮಟ್ಟದ ಉದ್ದಕ್ಕೂ ಎರಡು ಬೆರಳಗಲದ ಬಿಳಿಯ ಪಟ್ಟೆ ಮೂಡಿತು. ಅದರ ಕೆಳಗಿನ ಗಾಜೂ ಮಸುಕಾಗಿ, ಮೀನು ಇದೆಯೋ ಇಲ್ಲವೋ ಎಂದು ಬಾಗಿ ನೋಡುವಂತಾಯಿತು. ಮನೆಗೆ ನೆಂಟರು ಬರುವವರಿದ್ದರು. ನಾವು ಅಡಿಗೆಮನೆಯಿಂದ ಪಾತ್ರೆ ಉಜ್ಜುವ ಸ್ಪಂಜನ್ನು ತಂದು, ಒಮ್ಮೆ ನೀರಿನಲ್ಲಿ ಜಾಲಾಡಿಸಿ, ತೊಟ್ಟಿಯ ಒಳಗಿನ ಗಾಜನ್ನೆಲ್ಲ ಉಜ್ಜಿದೆವು. ಮಸುಕು ಬಹುಮಟ್ಟಿಗೆ ಹೋಯಿತು. ಮರುದಿನ ಬೆಳಗ್ಗೆ ಐದು ಮೀನುಗಳು ಮೇಲೆ ತೇಲುತ್ತಿದ್ದವು. “ತಾತ, ನೀರು ಇಷ್ಟು ಚೆನ್ನಾಗಿ ಕಾಣುತ್ತಿದೆಯಲ್ಲ, ಇವಕ್ಕೆ ಏನಾಯಿತು?” ಎಂದು ಮಗು ಕೇಳಿತು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನಮ್ಮಲ್ಲಿ ಆ ಪ್ರಶ್ನೆಗೆ ಕೂಡಲೇ ಉತ್ತರವಿರಲಿಲ್ಲ.

ಉತ್ತರ ಸ್ಪಂಜಿನಲ್ಲಿತ್ತು. ಎಷ್ಟು ಜಾಲಾಡಿಸಿದರೂ ಅದರ ರಂಧ್ರಗಳಲ್ಲಿ ಪಾತ್ರೆ ತೊಳೆಯುವ ಸಾಬೂನು ಉಳಿದೇ ಇರುತ್ತದೆ. ಸಾಬೂನಿನ ಅಂಶವು ಮೀನಿನ ಕಿವಿರುಗಳ ಮೇಲಿರುವ ಲೋಳೆಯ ತೆಳುವಾದ ಹೊದಿಕೆಯನ್ನು ಕಳಚಿ, ಕಿವಿರಿನ ನವುರಾದ ಎಸಳುಗಳನ್ನು ಕೆಡಿಸುತ್ತದೆ. ಆಮೇಲೆ ನೀರಿನಲ್ಲಿ ಪ್ರಾಣವಾಯು ಇದ್ದರೂ ಮೀನು ಅದನ್ನು ಹೀರಿಕೊಳ್ಳಲಾರದು. ಅಂದಿನಿಂದ ನಾವು ಈ ಕೆಲಸವನ್ನು ಬೇರೆ ಕ್ರಮದಲ್ಲಿ ಮಾಡುತ್ತ ಬಂದಿದ್ದೇವೆ. ಉಳಿದ ಮೂರು ಗಪ್ಪಿಗಳ ಸಂತತಿ ಈಗಲೂ ಆ ತೊಟ್ಟಿಯಲ್ಲೇ ಬೆಳೆಯುತ್ತಿದೆ. ಆ ಕ್ರಮವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಕ್ಕಳೆ ಕಟ್ಟುವ ಬಗೆ

ಗಡಸು ನೀರಿನಲ್ಲಿ ಸುಣ್ಣದ ಅಂಶವು ಬೈಕಾರ್ಬೊನೇಟಿನ ರೂಪದಲ್ಲಿ ಕರಗಿರುತ್ತದೆ. ಅದು ಕರಗಿರಬೇಕಾದರೆ ನೀರಿನಲ್ಲಿ ಅಂಗಾರಾಮ್ಲ ವಾಯು, ಅಂದರೆ ಕಾರ್ಬನ್ ಡೈಆಕ್ಸೈಡ್, ಜೊತೆಗಿರಬೇಕು. ಹಂಡೆಯಲ್ಲಿ ನೀರು ಕಾದಾಗ ಆ ವಾಯು ಹೊರಟುಹೋಗುತ್ತದೆ; ಜೊತೆಗಾರನನ್ನು ಕಳೆದುಕೊಂಡ ಸುಣ್ಣವು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಪಾತ್ರೆಗೆ ಅಂಟಿಕೊಳ್ಳುತ್ತದೆ. ಮೀನಿನ ತೊಟ್ಟಿಯಲ್ಲಿ ಬೆಂಕಿಯಿಲ್ಲ. ಆದರೆ ಗಾಳಿ ಮೋಟಾರಿನ ಗುಳ್ಳೆಗಳಿವೆ. ಅವು ಒಡೆದಾಗ ಸಿಡಿಯುವ ಹನಿಗಳು ಮಟ್ಟದ ಮೇಲಿನ ಗಾಜಿಗೆ ತಗಲಿ ಒಣಗುತ್ತವೆ. ಪ್ರತಿಯೊಂದು ಹನಿಯೂ ತನ್ನಲ್ಲಿದ್ದ ಸುಣ್ಣವನ್ನು ಅಲ್ಲಿಯೇ ಬಿಟ್ಟು ಆರುತ್ತದೆ. ನೀರು ಇಳಿದಂತೆಲ್ಲ ಮಟ್ಟದ ಅಂಚೂ ಕೆಳಗಿಳಿಯುತ್ತ ಒಂದರ ಕೆಳಗೊಂದು ಗೆರೆಗಳನ್ನು ಬರೆಯುತ್ತದೆ. ಬಿಳಿಯ ಪಟ್ಟೆ ನೀರಿನ ಮಟ್ಟದಲ್ಲಿಯೇ ಮೂಡುವುದಕ್ಕೆ ಇದೇ ಕಾರಣ.

ಎಷ್ಟು ಸುಣ್ಣ ಬಂದೀತೆಂಬುದನ್ನು ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿಗೆ ಭಾರತೀಯ ಮಾನಕವು ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿಲ್ಲದ ಕಡೆ 600ರವರೆಗೆ ಸೈರಿಸಬಹುದೆನ್ನುತ್ತದೆ. ನಮ್ಮ ಮನೆಯ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿದಾಗ ಸುಮಾರು 400 ಬಂದಿತು. ನಮ್ಮ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಬೇಸಗೆಯಲ್ಲಿ ಮುಚ್ಚಳವಿಲ್ಲದೆ ಇಟ್ಟಾಗ ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ನೀರು ಇಳಿಯುತ್ತಿತ್ತು. ಅಂದರೆ ವಾರಕ್ಕೆ ಆರು ಲೀಟರಿಗೆ ತುಸು ಹೆಚ್ಚು. ಆರಿಹೋಗುವುದು ನೀರು ಮಾತ್ರ, ಸುಣ್ಣವಲ್ಲ. ಇಳಿದಷ್ಟನ್ನು ನಾವು ಮತ್ತೆ ಕೊಳವೆಬಾವಿಯ ನೀರಿನಿಂದಲೇ ತುಂಬುತ್ತಿದ್ದೆವು. ಹೀಗೆ ವಾರಕ್ಕೆ ಎರಡೂವರೆ ಗ್ರಾಂ ಸುಣ್ಣದಂಶವನ್ನು ನಮ್ಮ ಕೈಯಾರೆ ತೊಟ್ಟಿಗೆ ಹಾಕಿದಂತಾಯಿತು. ನಾಲ್ಕು ತಿಂಗಳ ಬೇಸಗೆಯಲ್ಲಿ ಅದು ನಾಲ್ವತ್ತು ಗ್ರಾಮಿನಷ್ಟಾಯಿತು. ಅದರಲ್ಲಿ ಒಂದು ಪಾಲು ನೀರಿನಲ್ಲೇ ಉಳಿದು, ಇನ್ನೊಂದು ಪಾಲು ಗಾಜಿಗೆ ಹತ್ತಿತು.

ಮೊದಲು ಗುರುತಿಸಿ, ಆಮೇಲೆ ಕೈ ಹಚ್ಚಿ

ಗಾಜು ಮಸುಕಾಗಿದೆ ಎಂದ ಮಾತ್ರಕ್ಕೆ ಅದೆಲ್ಲವೂ ಸುಣ್ಣವೇ ಆಗಿರಬೇಕಿಲ್ಲ. ನೀರಿನ ಮಟ್ಟದ ಕೆಳಗೆ, ಒಳಮೈಗೆ ಹಸಿರಾಗಿ ಅಥವಾ ಕಂದಾಗಿ ಹತ್ತಿರುವುದು ಸಾಮಾನ್ಯವಾಗಿ ಪಾಚಿ. ಅದು ಬೆರಳಿನಿಂದ ಒರಸಿದರೆ ಜಾರುತ್ತದೆ. ಅದಕ್ಕೆ ಹುಳಿಯ ಅಗತ್ಯವೇ ಇಲ್ಲ. ಗಾಜು ಚೊಕ್ಕಟವಾಗಿದ್ದು ನೀರೇ ಹಾಲು ಬೆರೆಸಿದಂತೆ ಕಂಡರೆ, ಅದು ಹೆಚ್ಚಾಗಿ ಉಳಿದ ಆಹಾರ ಕೊಳೆತು ಸೂಕ್ಷ್ಮಜೀವಿಗಳು ಹೆಚ್ಚಿದ್ದರ ಗುರುತು. ಆಗ ಗಾಜನ್ನುಜ್ಜಿ ಪ್ರಯೋಜನವಿಲ್ಲ. ಆಹಾರವನ್ನು ಕಡಿಮೆ ಮಾಡಿ, ನಾಲ್ಕರಲ್ಲೊಂದು ಪಾಲು ನೀರನ್ನು ಬದಲಿಸಬೇಕು.

ಮಟ್ಟದ ಬಳಿ ಉಗುರಿಗೆ ಒರಟಾಗಿ ಸಿಕ್ಕುವ ಬಿಳಿಯ ಪಟ್ಟೆಯೇ ಹಕ್ಕಳೆ. ಅದರ ಮೇಲೆ ಒಂದು ಹನಿ ನಿಂಬೆರಸವನ್ನು ಕಡ್ಡಿಯಿಂದ ಮುಟ್ಟಿಸಿ, ಕಣ್ಣನ್ನು ಹತ್ತಿರಕ್ಕೆ ತಂದು ನೋಡಿರಿ. ಸಣ್ಣ ಸಣ್ಣ ಗುಳ್ಳೆಗಳೆದ್ದರೆ ಅದು ಸುಣ್ಣ, ಹುಳಿಗೆ ಕರಗುತ್ತದೆ. ಗುಳ್ಳೆ ಏಳದಿದ್ದರೆ ಅದು ಬಹುಶಃ ಮರಳಿನ ಜಾತಿಯ ಸಿಲಿಕಾ ಪದರ. ನಮ್ಮ ಬಂಡೆಯ ನೆಲದ ನೀರಿನಲ್ಲಿ ಅದೂ ಇರುತ್ತದೆ. ಅದಕ್ಕೆ ಹುಳಿ ತಾಗುವುದಿಲ್ಲ. ಅಲಗಿನಿಂದ ಹೆರೆಯುವುದೊಂದೇ ದಾರಿ. ಉಗುರಿಗೆ ನುಣ್ಣಗೆ ಸಿಕ್ಕಿ, ಹುಳಿಗೂ ಅಲಗಿಗೂ ಜಗ್ಗದ ಮಸುಕಿದ್ದರೆ ಗಾಜೇ ಸವೆದಿದೆ ಎಂದು ತಿಳಿಯಬೇಕು. ಅದನ್ನು ಮನೆಯಲ್ಲಿ ಸರಿಪಡಿಸಲಾಗದು.

ಇನ್ನೊಂದು ಎಚ್ಚರ. ಹಕ್ಕಳೆಗೆ ನೀರು ತಗಲಿದಾಗ ಅದು ಕಣ್ಣಿಗೆ ಕಾಣದಂತಾಗುತ್ತದೆ. ಒದ್ದೆ ಗಾಜನ್ನು ನೋಡಿ ಕೆಲಸ ಮುಗಿಯಿತೆಂದು ಎದ್ದವರಿಗೆ, ಒಣಗಿದ ಮೇಲೆ ಹಳೆಯ ಪಟ್ಟೆಯೇ ಮತ್ತೆ ಕಾಣಿಸುತ್ತದೆ. ಆದುದರಿಂದ ಪರೀಕ್ಷೆಯನ್ನು ಯಾವಾಗಲೂ ಒಣಗಿದ ಗಾಜಿನ ಮೇಲೆಯೇ ಮಾಡತಕ್ಕದ್ದು.

ಯಾವ ಹುಳಿ?

ನಮ್ಮ ಮನೆಯವರು, “ಹಂಡೆಗೆ ಹಾಕುವ ಹುಣಸೆಹಣ್ಣನ್ನೇ ಇದಕ್ಕೂ ಹಾಕಬಾರದೇನು?” ಎಂದು ಕೇಳಿದರು. ಹಾಕಬಹುದು, ಆದರೆ ಒಂದು ತೊಡಕಿದೆ. ಹುಣಸೆಯ ಹುಳಿ ಸುಣ್ಣದೊಡನೆ ಸೇರಿದಾಗ ಹುಟ್ಟುವ ಲವಣವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಬಿಳಿಯ ಹುಡಿಯಾಗಿ ಅಲ್ಲೇ ನಿಲ್ಲುತ್ತದೆ. ಅದಲ್ಲದೆ ಹಣ್ಣಿನ ತಿರುಳು ತೊಟ್ಟಿಗೆ ಬಿದ್ದರೆ ಕೊಳೆಯುತ್ತದೆ. ನಿಂಬೆರಸಕ್ಕೂ ಈ ಹುಡಿಯ ದೋಷ ಸ್ವಲ್ಪ ಇದೆ. ತೆಳು ಪಟ್ಟೆಗೆ ಅದು ಸಾಕು. ದಪ್ಪ ಹಕ್ಕಳೆಗೆ ಅಂಗಡಿಯಲ್ಲಿ ಸಿಗುವ ಬಣ್ಣವಿಲ್ಲದ ಬಿಳಿ ವಿನೆಗರ್ ಮೇಲು. ಅದರಿಂದ ಹುಟ್ಟುವ ಲವಣವು ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಒರಸಿದರೆ ಹೋಗಿಬಿಡುತ್ತದೆ. ನೂರಕ್ಕೆ 4ರಿಂದ 5 ಪಾಲು ಆಮ್ಲವಿರುವ ಅಡಿಗೆಯ ವಿನೆಗರನ್ನೇ ತರಬೇಕು. ಅದರಲ್ಲಿ ಒಂದು ಗ್ರಾಂ ಸುಣ್ಣವನ್ನು ಪೂರ್ತಿ ಕರಗಿಸಲು ಸುಮಾರು 25 ಮಿಲಿಲೀಟರ್ ಬೇಕಾಗುತ್ತದೆ.

ಬಚ್ಚಲು ತೊಳೆಯುವ ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪುಡಿ ಇವುಗಳನ್ನು ತೊಟ್ಟಿಯ ಬಳಿಗೂ ತರಬಾರದು. ಕಿಟಕಿಯ ಗಾಜು ಒರಸುವ ಸಿಂಪಡಣೆಯ ದ್ರವವನ್ನು ಹೊರಮೈಗೂ ಬಳಸಕೂಡದು. ಅಂಥ ಕೆಲವು ದ್ರವಗಳಲ್ಲಿ ಅಮೋನಿಯ ಇರುತ್ತದೆ. ಸಿಂಪಡಿಸಿದ ತುಂತುರು ನೀರಿಗೆ ಬೀಳುವುದಲ್ಲದೆ, ಗಾಳಿ ಮೋಟಾರು ಅದನ್ನು ಎಳೆದುಕೊಂಡು ನೇರವಾಗಿ ಮೀನಿರುವಲ್ಲಿಗೆ ಊದುತ್ತದೆ. ಗಡಸು ನೀರು ಸಾಮಾನ್ಯವಾಗಿ ಕ್ಷಾರಗುಣದ್ದು. ಕ್ಷಾರ ಹೆಚ್ಚಿದ್ದಷ್ಟೂ ಅಮೋನಿಯದ ವಿಷ ಮೀನಿಗೆ ಹೆಚ್ಚು ತಾಗುತ್ತದೆ.

ವಿನೆಗರ್ ನಮ್ಮ ಊಟದ ವಸ್ತುವಾದರೂ ಅದನ್ನು ನೀರಿಗೆ ಸುರಿಯುವಂತಿಲ್ಲ. ಸುಣ್ಣದೊಡನೆ ಸೇರಿ ಅದು ಅಂಗಾರಾಮ್ಲ ವಾಯುವನ್ನು ಹೊರಡಿಸುತ್ತದೆ. ಉಳಿದ ಅಂಶವನ್ನು ಸೂಕ್ಷ್ಮಜೀವಿಗಳು ತಿಂದು, ಬೆಳೆದು, ನೀರಿನ ಪ್ರಾಣವಾಯುವನ್ನು ಮುಗಿಸುತ್ತವೆ. ಗಡಸು ನೀರು ಸ್ವಲ್ಪ ಹುಳಿಯನ್ನು ತಾಳಿಕೊಳ್ಳುತ್ತದೆ; ಅದರಲ್ಲಿರುವ ಬೈಕಾರ್ಬೊನೇಟೇ ಹುಳಿಯನ್ನು ಕೊಲ್ಲುತ್ತದೆ. ಮೆದು ನೀರಿಗೆ ಆ ಶಕ್ತಿಯಿಲ್ಲ. ಕಾಸರಗೋಡಿನ ಮುರಕಲ್ಲಿನ ನೆಲದ ಬಾವಿನೀರು ಮೆದುವಾದದ್ದು. ಅಲ್ಲಿನ ನಮ್ಮ ಬಂಧುಗಳ ತೊಟ್ಟಿಗೆ ಹಕ್ಕಳೆಯ ಕಾಟ ಕಡಿಮೆ, ಆದರೆ ಅಲ್ಲಿ ನಾಲ್ಕು ಚಮಚೆ ವಿನೆಗರ್ ಬಿದ್ದರೂ ನೀರು ಒಮ್ಮೆಲೇ ಹುಳಿಯಾಗಿ ಮೀನಿಗೆ ಅಪಾಯವಾದೀತು. ಆದುದರಿಂದ ಎಲ್ಲರಿಗೂ ಅನ್ವಯಿಸುವ ನಿಯಮ ಒಂದೇ: ಹುಳಿ ಗಾಜಿಗೆ ಮಾತ್ರ, ನೀರಿಗಲ್ಲ.

ನಾವು ಮಾಡುವ ಕ್ರಮ

ಹಿಂದಿನ ದಿನ ಬೆಳಗ್ಗೆಯೇ ಒಂದು ಬಕೆಟ್ ನೀರು ಹಿಡಿದು ತೊಟ್ಟಿಯ ಪಕ್ಕದಲ್ಲಿಡುತ್ತೇವೆ. ತೊಟ್ಟಿಯ ನೀರೂ ಬಕೆಟಿನ ನೀರೂ ಒಂದೇ ತಂಪಿಗೆ ಬರುವುದಕ್ಕೆ ಇದು ಬೇಕು. ಕೊಳಾಯಿಯ ನೀರಾದರೆ ಇನ್ನೊಂದು ಕಾರಣವೂ ಇದೆ. ನಮ್ಮ ಜಿಲ್ಲೆಗೆ 2013ರಲ್ಲಿ ಹೊಗೇನಕಲ್ ಯೋಜನೆಯ ಕಾವೇರಿ ನೀರು ಬಂದಿತು. ಹೀಗೆ ಶುದ್ಧಿಮಾಡಿ ಕೊಳಾಯಿಯಲ್ಲಿ ಬಿಡುವ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಅದು ನಮಗೆ ರಕ್ಷಣೆ, ಮೀನಿನ ಕಿವಿರಿಗೆ ಮಾತ್ರ ವಿಷ. ಬಾಯಗಲದ ಬಕೆಟಿನಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು, ನಡುನಡುವೆ ಕಲಕುತ್ತಿದ್ದರೆ ಕ್ಲೋರಿನ್ ಹಾರಿಹೋಗುತ್ತದೆ.

ಮರುದಿನ ಮೊದಲು ಕೈಯನ್ನು ಸಾಬೂನಿಲ್ಲದೆ ಬರಿಯ ನೀರಿನಲ್ಲಿ ತೊಳೆದುಕೊಂಡು, ಪಾಚಿಯನ್ನು ತೆಗೆಯುತ್ತೇವೆ. ಇದಕ್ಕೆ ಒಣಗಿದ ಹೀರೆಕಾಯಿಯ ನಾರೇ ನಮ್ಮ ಸಾಧನ. ತೋಟದಲ್ಲಿ ಬಲಿತು ಒಣಗಿದ ಕಾಯಿಯ ಸಿಪ್ಪೆ, ಬೀಜಗಳನ್ನು ತೆಗೆದು, ಕುದಿಯುವ ನೀರಿನಲ್ಲದ್ದಿ ಒಣಗಿಸಿಟ್ಟುಕೊಂಡ ನಾರದು, ತೊಟ್ಟಿಗೆಂದೇ ಮೀಸಲು. ಅದು ಗಾಜನ್ನು ಗೀರುವುದಿಲ್ಲ. ಆದರೆ ತಳದ ಮರಳಿನ ಒಂದು ಕಾಳು ಅದರಲ್ಲಿ ಸಿಕ್ಕಿಕೊಂಡರೂ ಗಾಜಿನ ಮೇಲೆ ಶಾಶ್ವತವಾದ ಗೆರೆ ಬೀಳುತ್ತದೆ. ಆದುದರಿಂದ ಮೇಲಿನಿಂದ ಕೆಳಕ್ಕೆ ಉಜ್ಜುತ್ತ ಬಂದು, ಮರಳಿಗಿಂತ ಒಂದು ಅಂಗುಲ ಮೇಲೆಯೇ ನಿಲ್ಲಿಸುತ್ತೇವೆ.

ಆನಂತರ ಗಾಳಿ ಮೋಟಾರಿನ ಪ್ಲಗ್ಗನ್ನು ಕಿತ್ತು, ಕೊಳವೆಯಿಂದ ನೀರನ್ನು ಇಳಿಸುತ್ತೇವೆ. ನಮ್ಮ ತೊಟ್ಟಿಯಲ್ಲಿ ನೀರು 27 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಅದನ್ನು 20ಕ್ಕೆ ಇಳಿಸಿದರೆ ಹನ್ನೆರಡೂವರೆ ಲೀಟರಿನಷ್ಟು, ಅಂದರೆ ಒಟ್ಟು ನೀರಿನ ಕಾಲು ಪಾಲು ಹೊರಬರುತ್ತದೆ. ಅದು ಗುಲಾಬಿ ಗಿಡಗಳಿಗೆ ಹೋಗುತ್ತದೆ. ಇಷ್ಟು ಇಳಿಸಿದಾಗ ಬಿಳಿಯ ಪಟ್ಟೆಯ ಕೆಳಗಿನ ಅಂಚಿಗೂ ನೀರಿಗೂ ನಡುವೆ ಎರಡು ಬೆರಳಗಲ ಒಣ ಗಾಜು ಉಳಿಯುತ್ತದೆ. ಮೀನುಗಳು ಉಳಿದ ಮುಕ್ಕಾಲು ಪಾಲು ನೀರಿನಲ್ಲಿ ನೆಮ್ಮದಿಯಾಗಿರುತ್ತವೆ. ಅವನ್ನು ಬಲೆ ಹಾಕಿ ಹಿಡಿದು ಬೆದರಿಸಬೇಕಾಗಿಲ್ಲ.

ಹಳೆಯ ಹತ್ತಿ ಬಟ್ಟೆಯನ್ನು ಪಟ್ಟೆಯಷ್ಟೇ ಅಗಲಕ್ಕೆ ಹರಿದು, ವಿನೆಗರಿನಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಹಕ್ಕಳೆಯ ಮೇಲೆ ಒತ್ತಿ ಅಂಟಿಸುತ್ತೇವೆ. ಅದರ ಕೆಳಗೆ ಒಣ ಬಟ್ಟೆಯ ಇನ್ನೊಂದು ಪಟ್ಟಿಯನ್ನು ಗಾಜಿಗೆ ಸೇರಿಸಿ ಹಿಡಿಸುತ್ತೇವೆ. ಎಲ್ಲಾದರೂ ಹನಿ ಇಳಿದರೆ ಅದು ಹೀರಿಕೊಳ್ಳಬೇಕು. ಒಂದು ಬದಿಯ ಗಾಜು ಮುಗಿದ ಮೇಲೆ ಇನ್ನೊಂದು. ಇಪ್ಪತ್ತು ನಿಮಿಷ ಬಿಟ್ಟು ತೆಗೆದಾಗ ಪಟ್ಟೆ ಕರಗಿಯೇ ಹೋಗಿರುತ್ತದೆಂದು ನಿರೀಕ್ಷಿಸಬಾರದು. ಎಲ್ಲವನ್ನೂ ಕರಗಿಸಲು ಹೊರಟರೆ ಕಾಲು ಲೀಟರಿನಷ್ಟು ವಿನೆಗರ್ ಬೇಕಾದೀತು. ಹಕ್ಕಳೆಯ ಬಿಗಿ ಸಡಿಲವಾದರೆ ಸಾಕು. ಉಳಿದದ್ದು ಅಲಗಿನ ಕೆಲಸ.

ಹೊಸ ಕ್ಷೌರದ ಬ್ಲೇಡನ್ನು ಹಿಡಿಯೊಂದಕ್ಕೆ ಭದ್ರವಾಗಿ ಸೇರಿಸಿ, ಒದ್ದೆ ಗಾಜಿನ ಮೇಲೆ ಓರೆಯಾಗಿ ಹಿಡಿದು, ಒಂದೇ ದಿಕ್ಕಿನಲ್ಲಿ ಮೆಲ್ಲನೆ ತಳ್ಳಿದರೆ ಹಕ್ಕಳೆ ಸಿಪ್ಪೆಯಂತೆ ಏಳುತ್ತದೆ. ಮೂಲೆಗಳಲ್ಲಿ ಗಾಜನ್ನು ಕೂಡಿಸಿದ ರಬ್ಬರಿನಂಥ ಅಂಟಿರುತ್ತದೆ. ಅಲಗು ಅದಕ್ಕೆ ತಗಲಿದರೆ ತೊಟ್ಟಿ ಸೋರಲಾರಂಭಿಸುತ್ತದೆ. ಅಲ್ಲಿ ಬ್ಲೇಡಿನ ಬದಲು ಉಪಯೋಗ ತೀರಿದ ಎ.ಟಿ.ಎಂ. ಕಾರ್ಡಿನ ಅಂಚನ್ನು ಬಳಸಬೇಕು. ತೊಟ್ಟಿ ಗಾಜಿನದಾಗಿರದೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನದಾಗಿದ್ದರೆ ಬ್ಲೇಡು ಎಲ್ಲಿಯೂ ಕೂಡದು. ಒಂದೆರಡು ಚೂರು ಸಿಪ್ಪೆ ನೀರಿಗೆ ಬಿದ್ದರೆ ಗಾಬರಿಪಡಬೇಕಿಲ್ಲ. ಅದು ಆ ನೀರಿನಿಂದಲೇ ಬಂದ ಸುಣ್ಣ.

ಕಡೆಗೆ ಬರಿಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೂರು ಸಲ, ಪ್ರತಿ ಸಲವೂ ಬಟ್ಟೆಯನ್ನು ಜಾಲಾಡಿಸಿ, ಗಾಜನ್ನು ಒರಸುತ್ತೇವೆ. ಹುಳಿ ಉಳಿದಿದೆಯೇ ಎಂದು ತಿಳಿಯಲು ಶಾಲೆಯ ಮಕ್ಕಳೂ ಬಲ್ಲ ಉಪಾಯವಿದೆ: ನೀಲಿ ಲಿಟ್ಮಸ್ ಕಾಗದದ ಚೂರನ್ನು ಒದ್ದೆ ಗಾಜಿಗೆ ಒತ್ತಬೇಕು. ಕೆಂಪಾದರೆ ಇನ್ನೊಮ್ಮೆ ಒರಸಬೇಕು. ನೀಲಿಯಾಗಿಯೇ ಉಳಿದರೆ ನೀರು ತುಂಬಬಹುದು. ಬಕೆಟಿನ ನೀರನ್ನು ನೇರವಾಗಿ ಸುರಿಯದೆ, ಮರಳಿನ ಮೇಲಿಟ್ಟ ತಟ್ಟೆಯ ಮೇಲೆ ಚೆಂಬಿನಿಂದ ಮೆಲ್ಲನೆ ಹೊಯ್ದು, ತಟ್ಟೆಯನ್ನು ತೆಗೆದು, ಮೋಟಾರನ್ನು ಚಾಲೂ ಮಾಡುತ್ತೇವೆ. ಶೋಧಕದ ಸ್ಪಂಜನ್ನು ಅದೇ ದಿನ ತೊಳೆಯುವುದಿಲ್ಲ. ಮೀನಿನ ಕಶ್ಮಲವನ್ನು ನಿರಪಾಯಗೊಳಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ನೆಲೆಸಿರುತ್ತವೆ. ಇನ್ನೊಂದು ವಾರ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದನ್ನು ಹಿಂಡಿದರೆ ಸಾಕು.

ಆ ಸಂಜೆಯವರೆಗೂ ಮೀನುಗಳ ಮೇಲೆ ಒಂದು ಕಣ್ಣಿಟ್ಟಿರಬೇಕು. ಅವು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ, ಕಿವಿರುಗಳನ್ನು ಬೇಗ ಬೇಗ ಬಡಿಯುತ್ತಿದ್ದರೆ, ನೀರಿಗೆ ಏನೋ ಸೇರಿದೆಯೆಂದು ಅರ್ಥ. ಕೂಡಲೇ, ಮೊದಲೇ ಸಿದ್ಧವಾಗಿಟ್ಟ ನೀರಿನಿಂದ ಅರ್ಧ ಪಾಲು ಬದಲಿಸಿ, ಗಾಳಿಯನ್ನು ಹೆಚ್ಚಿಸಬೇಕು. ಇದಕ್ಕಾಗಿಯೇ ಒಂದರ ಬದಲು ಎರಡು ಬಕೆಟ್ ನೀರು ಹಿಡಿದಿಡುವುದು ಕ್ಷೇಮ. ಅಂದು ನಾವು ರಾತ್ರಿ ಮಲಗುವ ಮುನ್ನ ಒಮ್ಮೆ ತೊಟ್ಟಿಯತ್ತ ನೋಡಿದ್ದರೆ ಆ ಐದರಲ್ಲಿ ಕೆಲವಾದರೂ ಬದುಕುತ್ತಿದ್ದವೋ ಏನೋ.

ಪಟ್ಟೆ ಮತ್ತೆ ಮೂಡದಿರಲು

ಹಕ್ಕಳೆ ತೆಗೆಯುವುದಕ್ಕಿಂತ ಅದನ್ನು ತಡೆಯುವುದು ಹಗುರ. ಆರಿದ ನೀರಿನ ಜಾಗಕ್ಕೆ ಸುಣ್ಣವಿಲ್ಲದ ನೀರನ್ನು ಹಾಕಬೇಕು. ಮಳೆಗಾಲದಲ್ಲಿ ಮೊದಲ ಕಾಲು ಗಂಟೆಯ ಮಳೆಯನ್ನು ಹರಿಯಬಿಟ್ಟು, ಆಮೇಲೆ ಶುಭ್ರವಾದ ಮಾಳಿಗೆಯಿಂದ ಹಿಡಿದ ನೀರನ್ನು ಮುಚ್ಚಿದ ಪಾತ್ರೆಯಲ್ಲಿಟ್ಟರೆ ಅದು ಇದಕ್ಕೆ ಸರಿಯಾದದ್ದು. ಮಳೆನೀರಿಲ್ಲದಾಗ ಕೊಳವೆಬಾವಿಯ ನೀರನ್ನೇ ಹತ್ತು ನಿಮಿಷ ಕುದಿಸಿ, ಆರಿಸಿ, ತಳದ ಹುಡಿ ಕದಡದಂತೆ ಬಸಿದುಕೊಂಡರೆ ಸುಣ್ಣದ ಒಂದು ಪಾಲು ಪಾತ್ರೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಆರ್.ಓ. ಯಂತ್ರವಿದ್ದವರು ಅದರ ಶುದ್ಧ ನೀರನ್ನು ಹಾಕಬಹುದು. ಅದು ಹೊರಕ್ಕೆ ಬಿಡುವ ನೀರನ್ನು ಮಾತ್ರ ಹಾಕಬಾರದು. ಅದರಲ್ಲಿ ಲವಣ ಮೊದಲಿಗಿಂತಲೂ ಹೆಚ್ಚಾಗಿರುತ್ತದೆ.

ಹಾಗೆಂದು ಇಡೀ ತೊಟ್ಟಿಯನ್ನು ಮಳೆನೀರಿನಿಂದ ತುಂಬುವುದು ತಪ್ಪು. ಗಪ್ಪಿ, ಮೋಲಿ ಮೊದಲಾದವು ಗಡಸು ನೀರನ್ನೇ ಮೆಚ್ಚುವ ಮೀನುಗಳು. ಸುಣ್ಣ ಗಾಜಿಗೆ ಶತ್ರುವಾದರೂ ಅವಕ್ಕೆ ಮಿತ್ರ. ಆರಿಹೋದಷ್ಟನ್ನು ಮಾತ್ರ ಮೆದು ನೀರಿನಿಂದ ತುಂಬಬೇಕು. ವಾರಕ್ಕೊಮ್ಮೆ ಬದಲಿಸುವ ಕಾಲು ಪಾಲಿಗೆ ಎಂದಿನ ನೀರೇ ಇರಲಿ. ತೊಟ್ಟಿಯ ಮೇಲೆ, ಗಾಳಿಯಾಡಲು ಒಂದು ಬದಿಯಲ್ಲಿ ಸಂದು ಬಿಟ್ಟು, ಗಾಜಿನ ಹಲಗೆಯೊಂದನ್ನು ಮುಚ್ಚಿದರೆ ನೀರು ಆರುವುದೂ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಮಟ್ಟದ ಗೆರೆಯನ್ನು ಒದ್ದೆ ನಾರಿನಿಂದ ಒರಸಿದರೆ, ಎಳೆಯ ಪದರ ಹಕ್ಕಳೆಯಾಗುವ ಮೊದಲೇ ಹೊರಟುಹೋಗುತ್ತದೆ.

ನಮ್ಮ ಮನೆಯಲ್ಲಿ ಈ ಕೊನೆಯ ಕೆಲಸ ಮೊಮ್ಮಗಳದು. ಪ್ರತಿ ಭಾನುವಾರ ಬೆಳಗ್ಗೆ ಹೀರೆಕಾಯಿಯ ನಾರನ್ನು ಕೈಗೆತ್ತಿಕೊಳ್ಳುವ ಮುನ್ನ ಅವಳು ಅದನ್ನು ಮೂಗಿನ ಬಳಿ ಹಿಡಿದು, ಸಾಬೂನಿನ ವಾಸನೆಯಿದೆಯೇ ಎಂದು ನೋಡುತ್ತಾಳೆ. ನಾವು ಹೇಳಿಕೊಟ್ಟದ್ದಲ್ಲ; ತಾನಾಗಿ ಕಲಿತದ್ದು.